ಆಫರ್ ಬಂದ ಮೇಲೆ ಬರೆಯಬೇಕಾದ ಮೇಲ್

ಕಂಪನಿಯಿಂದ ಆಫರ್ ಲೆಟರ್ ಬಂತು ಎಂದಾಗ ಎಲ್ಲರೂ ಮೊದಲು ನೋಡುವುದು ಸಿಟಿಸಿ. ಮನೆಯವರಿಗೆ ಹೇಳುವುದೂ ಅದನ್ನೇ, ಗೆಳೆಯರು ಕೇಳುವುದೂ ಅದನ್ನೇ. ಆದರೆ ತಿಂಗಳ ಕೊನೆಗೆ ಖಾತೆಗೆ ಎಷ್ಟು ಬೀಳುತ್ತದೆ ಎನ್ನುವುದು ಲೆಟರಿನ ಕೊನೆಯ ಪುಟದಲ್ಲಿರುತ್ತದೆ. ಅನುಬಂಧ ಎಂದು ಸೇರಿಸಿರುವ ಆ ಕೋಷ್ಟಕವನ್ನು ಪೂರ್ತಿ ಓದದೆ ಸಂಬಳ ಹೆಚ್ಚು ಕೇಳಲು ಹೊರಟರೆ ತಪ್ಪು ಅಂಕಿಯನ್ನು ಕೇಳಿ, ಅದನ್ನೇ ಪಡೆದು ಬರುವ ಸಾಧ್ಯತೆ ಹೆಚ್ಚು.

ಒಂದು ಉದಾಹರಣೆ ಇಟ್ಟುಕೊಂಡೇ ಮಾತಾಡೋಣ. ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ನಾಲ್ಕು ವರ್ಷ ಟೆಸ್ಟಿಂಗ್ ಕೆಲಸ ಮಾಡಿದ ಎಂಜಿನಿಯರ್ ಒಬ್ಬಳಿಗೆ ಬೆಂಗಳೂರಿನಿಂದ ಆಫರ್ ಬಂದಿದೆ ಎಂದುಕೊಳ್ಳಿ. ಈಗಿನ ಕಂಪನಿಯಲ್ಲಿ ಅವಳ ಸಿಟಿಸಿ ವರ್ಷಕ್ಕೆ 9.2 ಲಕ್ಷ, ಹೊಸ ಆಫರ್ 12 ಲಕ್ಷ. ನೋಡಿದ ಕೂಡಲೇ ಶೇಕಡಾ 30ರ ಏರಿಕೆ ಎನಿಸುತ್ತದೆ. ಅನುಬಂಧ ಬಿಡಿಸಿದರೆ ಕಾಣುವ ಲೆಕ್ಕ ಬೇರೆ. ಬೇಸಿಕ್ ತಿಂಗಳಿಗೆ 50,000, ಮನೆ ಬಾಡಿಗೆ ಭತ್ಯೆ 20,000, ಸ್ಪೆಷಲ್ ಅಲೋಯನ್ಸ್ 10,000. ಮೂರೂ ಸೇರಿ ತಿಂಗಳಿಗೆ 80,000, ವರ್ಷಕ್ಕೆ 9,60,000. ಇದು ನಿಗದಿತ ಸಂಬಳ, ಕಂಪನಿಗಳ ಮಾತಿನಲ್ಲಿ ಫಿಕ್ಸೆಡ್.

ಉಳಿದ 2,40,000 ಎಲ್ಲಿ ಹೋಯಿತು? ಅದರಲ್ಲಿ 1,30,000 ವೇರಿಯಬಲ್, ಅಂದರೆ ವರ್ಷದ ಕೊನೆಗೆ ಕಂಪನಿಯ ಮತ್ತು ಅವಳ ಸಾಧನೆ ನೋಡಿ ಕೊಡುವ ಹಣ. 72,000 ಪಿಎಫ್‌ಗೆ ಕಂಪನಿ ಹಾಕುವ ಪಾಲು, ಬೇಸಿಕ್‌ನ ಶೇಕಡಾ 12. ಸುಮಾರು 28,860 ಗ್ರಾಚ್ಯುಟಿ ಲೆಕ್ಕದ್ದು, ಬೇಸಿಕ್‌ನ ಶೇಕಡಾ 4.81. ಕಾಯಂ ನೌಕರರಿಗೆ ಇದು ಸಾಮಾನ್ಯವಾಗಿ ಐದು ವರ್ಷ ತುಂಬಿದ ಮೇಲೆ ಮಾತ್ರ ಸಿಗುವ ಹಣ. ಮಿಕ್ಕಿದ್ದು ಆರೋಗ್ಯ ವಿಮೆಯ ಕಂತು. ಇವೆಲ್ಲ ಕಂಪನಿಗೆ ನಿಜವಾಗಿ ಬೀಳುವ ಖರ್ಚೇ, ಅದರಲ್ಲಿ ಮೋಸವಿಲ್ಲ. ಆದರೆ ಇವುಗಳಲ್ಲಿ ಯಾವುದೂ ತಿಂಗಳ ಬಾಡಿಗೆ ಕಟ್ಟಲು ಬರುವುದಿಲ್ಲ.

80,000ದಲ್ಲಿ ಅವಳ ಪಾಲಿನ ಪಿಎಫ್ 6,000, ವೃತ್ತಿ ತೆರಿಗೆ 200 ಕಳೆದರೆ ಕೈಗೆ ಬರುವುದು 73,800. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ 12.75 ಲಕ್ಷದವರೆಗೆ ಆದಾಯ ತೆರಿಗೆ ಬೀಳುವುದಿಲ್ಲವಾದ್ದರಿಂದ ಈ ಲೆಕ್ಕದಲ್ಲಿ ಅದನ್ನು ಹಿಡಿಯಬೇಕಿಲ್ಲ. ಹುಬ್ಬಳ್ಳಿಯಲ್ಲಿ ಅವಳ ನಿಗದಿತ ಸಂಬಳ 70,000, ವೇರಿಯಬಲ್ ಇರಲಿಲ್ಲ, ಕೈಗೆ 65,600 ಬರುತ್ತಿತ್ತು. ಅಂದರೆ ಶೇಕಡಾ 30 ಎಂದು ಕಂಡ ಏರಿಕೆ ತಿಂಗಳ ಲೆಕ್ಕದಲ್ಲಿ 8,200 ರೂಪಾಯಿ. ಅಲ್ಲಿ ಅವಳು ಅಪ್ಪ ಅಮ್ಮನ ಮನೆಯಲ್ಲಿದ್ದಳು, ಇಲ್ಲಿ ಪಿಜಿಯಲ್ಲಿ ಇರಬೇಕು. ಕೆಲಸ ಇಷ್ಟವಾಗಿದೆ, ಬಿಡುವ ಮನಸ್ಸಿಲ್ಲ. ಆದರೆ ಇದ್ದ ಹಾಗೆ ಒಪ್ಪಿಕೊಂಡರೆ ಕೈಯಲ್ಲಿ ಉಳಿಯುವುದು ಹುಬ್ಬಳ್ಳಿಯಲ್ಲಿ ಉಳಿಯುತ್ತಿದ್ದುದಕ್ಕಿಂತ ಕಡಿಮೆ.

ಹಾಗಾದರೆ ಸಿಟಿಸಿಯನ್ನು 13 ಲಕ್ಷ ಮಾಡಿ ಎಂದು ಕೇಳಬಹುದಲ್ಲ ಎನಿಸಬಹುದು. ಎಡವುವುದು ಇಲ್ಲೇ. 13 ಲಕ್ಷ ಕೇಳಿದವರಿಗೆ ಕಂಪನಿ ವೇರಿಯಬಲ್ ಅನ್ನೇ 2,30,000 ಮಾಡಿ, ಕೇಳಿದ ಅಂಕಿಯನ್ನೇ ಕೊಟ್ಟು ಕಳಿಸಬಹುದು. ತಿಂಗಳ ಸಂಬಳ ಒಂದು ರೂಪಾಯಿಯೂ ಏರಿರುವುದಿಲ್ಲ, ದೂರಲು ಕಾರಣವೂ ಇರುವುದಿಲ್ಲ. ಕೇಳಿದ್ದನ್ನು ಕೊಟ್ಟಿದ್ದಾರೆ.

ವೇರಿಯಬಲ್ ವಿಷಯದಲ್ಲಿ ಇನ್ನೂ ಎರಡು ಮಾತು ಗೊತ್ತಿರಬೇಕು. ಅದು ಪೂರ್ತಿ ಸಿಗಬೇಕೆಂದಿಲ್ಲ. ಕಂಪನಿಯ ವರ್ಷ ಚೆನ್ನಾಗಿರದಿದ್ದರೆ ಅರ್ಧಕ್ಕೆ ಇಳಿಯಬಹುದು, ವರ್ಷದ ನಡುವೆ ಸೇರಿದವರಿಗೆ ಸೇರಿದ ತಿಂಗಳಿಂದ ಮಾತ್ರ ಲೆಕ್ಕ ಹಾಕುವುದು ವಾಡಿಕೆ, ಹಣ ಕೊಡುವ ದಿನ ನೀವು ಆ ಕಂಪನಿಯಲ್ಲೇ ಇರಬೇಕು ಎಂಬ ಷರತ್ತೂ ಬಹಳ ಕಡೆ ಇರುತ್ತದೆ. ಎರಡನೆಯದು, ಮುಂದಿನ ವರ್ಷದ ಹೈಕ್ ಅನೇಕ ಕಡೆ ನಿಗದಿತ ಸಂಬಳದ ಮೇಲೆ ಲೆಕ್ಕವಾಗುತ್ತದೆ. ಮನೆ ಸಾಲ ಕೇಳಿದಾಗ ಬ್ಯಾಂಕಿನವರು ನೋಡುವುದೂ ಪೇಸ್ಲಿಪ್‌ನಲ್ಲಿ ಪ್ರತಿ ತಿಂಗಳು ಕಾಣುವ ಮೊತ್ತವನ್ನೇ. ಆದ್ದರಿಂದ ಇವತ್ತು ನಿಗದಿತ ಸಂಬಳದಲ್ಲಿ ಪಡೆದ 5,000, ಮುಂದಿನ ಪ್ರತಿ ಹೈಕ್‌ಗೂ ಬುನಾದಿಯಾಗಿ ಉಳಿಯುತ್ತದೆ.

ನಮ್ಮ ಎಂಜಿನಿಯರ್ ಮೊದಲು ಎರಡು ಅಂಕಿಗಳನ್ನು ಗೊತ್ತುಮಾಡಿಕೊಳ್ಳುತ್ತಾಳೆ. ಕೇಳುವುದು ತಿಂಗಳಿಗೆ 90,000, ಅಂದರೆ ವರ್ಷಕ್ಕೆ 10,80,000. ಅದು ಸಿಗದಿದ್ದರೆ 84,000ಕ್ಕೆ ಒಪ್ಪಬಹುದು, ಇದನ್ನು ಯಾರಿಗೂ ಹೇಳುವುದಿಲ್ಲ. 90,000 ಎಲ್ಲಿಂದ ಬಂತು? ಇದೇ ಕೆಲಸ, ಇಷ್ಟೇ ಅನುಭವ ಇರುವ ಮೂರು ನಾಲ್ಕು ಪರಿಚಿತರನ್ನು ಕೇಳಿದಾಗ ಬೆಂಗಳೂರಿನಲ್ಲಿ ಅವರ ನಿಗದಿತ ಸಂಬಳ 85,000ದಿಂದ 95,000ದ ನಡುವೆ ಇತ್ತು. ಕೇಳುವಾಗ ಅವಳು ಪ್ಯಾಕೇಜ್ ಎಷ್ಟು ಎನ್ನಲಿಲ್ಲ, ಪಿಎಫ್ ಕಡಿತಕ್ಕೆ ಮುಂಚೆ ತಿಂಗಳಿಗೆ ಎಷ್ಟು ಎಂದು ಕೇಳಿದಳು. ಆಫರ್‌ಗಿಂತ ಶೇಕಡಾ 10ರಿಂದ 15 ಹೆಚ್ಚು ಕೇಳಿದರೆ ಮಾತುಕತೆ ಸಾಮಾನ್ಯವಾಗಿ ನಡೆಯುತ್ತದೆ. ಅದನ್ನು ಬಹಳ ಮೀರಿದರೆ ಆ ಹುದ್ದೆಗೆ ಕಂಪನಿ ಇಟ್ಟಿರುವ ಸಂಬಳದ ಬ್ಯಾಂಡ್ ದಾಟಬಹುದು, ಆಗ ಎಚ್‌ಆರ್‌ಗೆ ಮನಸ್ಸಿದ್ದರೂ ಕೈ ಕಟ್ಟಿದಂತೆ.

ಮೇಲ್ ಬರೆಯುವಾಗ ಹೆಚ್ಚಿನವರ ಗಮನಕ್ಕೆ ಬರದ ಒಂದು ಸಂಗತಿಯಿದೆ. ಅದನ್ನು ಮೊದಲು ಓದುವವರು ನಿಮಗೆ ಆಫರ್ ಕಳಿಸಿದ ಎಚ್‌ಆರ್. ಆದರೆ ಸಂಬಳ ಏರಿಸುವ ಅಧಿಕಾರ ಸಾಮಾನ್ಯವಾಗಿ ಅವರೊಬ್ಬರ ಕೈಯಲ್ಲಿರುವುದಿಲ್ಲ. ಅವರು ಆ ಮೇಲನ್ನು ಹಾಗೇ ತಂಡದ ಮ್ಯಾನೇಜರ್‌ಗೆ, ಅಲ್ಲಿಂದ ಸಂಬಳ ನಿಗದಿ ಮಾಡುವ ವಿಭಾಗಕ್ಕೆ ಫಾರ್ವರ್ಡ್ ಮಾಡುತ್ತಾರೆ. ಅಲ್ಲಿ ಕುಳಿತವರು ನಿಮ್ಮನ್ನು ನೋಡಿಲ್ಲ, ಫೋನಿನಲ್ಲಿ ನೀವು ಎಷ್ಟು ಸೌಜನ್ಯದಿಂದ ಮಾತಾಡಿದಿರಿ ಎಂಬುದೂ ಅವರಿಗೆ ಗೊತ್ತಿಲ್ಲ. ಅವರ ಮುಂದಿರುವುದು ಹತ್ತು ಹನ್ನೆರಡು ಸಾಲು ಮಾತ್ರ. ಹಾಗಾಗಿ ಎಚ್‌ಆರ್ ಇನ್ನೇನೂ ವಿವರಣೆ ಸೇರಿಸದೆ ಮುಂದೆ ಕಳಿಸಬಹುದಾದಂತೆ ಮೇಲ್ ಇರಬೇಕು. ಯಾವ ಹುದ್ದೆ, ಈಗ ಎಷ್ಟು, ಕೇಳುತ್ತಿರುವುದು ಎಷ್ಟು, ಯಾಕೆ, ಕೊಟ್ಟರೆ ಬರುತ್ತಾಳೋ ಇಲ್ಲವೋ, ಇಷ್ಟೂ ಅದರಲ್ಲೇ ಸಿಗಬೇಕು.

ಬೆಂಗಳೂರಿನ ಕಂಪನಿಗಳಲ್ಲಿ ಈ ವ್ಯವಹಾರ ಇಂಗ್ಲಿಷಿನಲ್ಲೇ ನಡೆಯುತ್ತದೆ. ಅವಳು ಕಳಿಸಿದ ಮೇಲಿನ ಒಕ್ಕಣೆಯನ್ನು ಕನ್ನಡದಲ್ಲಿ ಕೊಟ್ಟರೆ ಹೀಗಿರುತ್ತದೆ:

ವಿಷಯ: ಸೀನಿಯರ್ ಟೆಸ್ಟ್ ಎಂಜಿನಿಯರ್ ಆಫರ್, ನಿಗದಿತ ಸಂಬಳದ ಬಗ್ಗೆ ಕೋರಿಕೆ

ನಮಸ್ಕಾರ ಮೇಡಂ,

ಸೀನಿಯರ್ ಟೆಸ್ಟ್ ಎಂಜಿನಿಯರ್ ಹುದ್ದೆಗೆ ನೀವು ನಿನ್ನೆ ಕಳಿಸಿದ ಆಫರ್ ತಲುಪಿದೆ. ಧನ್ಯವಾದಗಳು. ಕೊನೆಯ ಸುತ್ತಿನಲ್ಲಿ ಪೇಮೆಂಟ್ ತಂಡದ ಮ್ಯಾನೇಜರ್ ಅವರೊಂದಿಗೆ ಮಾತಾಡಿದ ಮೇಲೆ ಈ ಕೆಲಸಕ್ಕೆ ಸೇರಬೇಕೆಂಬ ಆಸೆ ಇನ್ನೂ ಗಟ್ಟಿಯಾಗಿದೆ. ಈಗ ಕೈಯಿಂದ ಮಾಡುತ್ತಿರುವ ರಿಗ್ರೆಷನ್ ಟೆಸ್ಟಿಂಗ್ ಅನ್ನು ಮೊದಲ ಆರು ತಿಂಗಳಲ್ಲಿ ಆಟೊಮೇಷನ್‌ಗೆ ತರಬೇಕಿದೆ ಎಂದು ಅವರು ಹೇಳಿದರು. ಈಗಿನ ಕಂಪನಿಯಲ್ಲಿ ನಾನು ಈ ಕೆಲಸವನ್ನೇ ಮಾಡಿದ್ದೇನೆ. ಎರಡು ದಿನ ಹಿಡಿಯುತ್ತಿದ್ದ ರಿಗ್ರೆಷನ್ ಈಗ ನಾಲ್ಕು ಗಂಟೆಯಲ್ಲಿ ಮುಗಿಯುತ್ತಿದೆ.

ಆಫರ್‌ನ ಒಂದು ಅಂಶದ ಬಗ್ಗೆ ನನ್ನ ಕೋರಿಕೆ ಇದೆ. ಅನುಬಂಧದಲ್ಲಿ ನಿಗದಿತ ಸಂಬಳ ವರ್ಷಕ್ಕೆ 9,60,000, ಅಂದರೆ ತಿಂಗಳಿಗೆ 80,000 ಎಂದಿದೆ. ಇದನ್ನು 10,80,000ಕ್ಕೆ, ಅಂದರೆ ತಿಂಗಳಿಗೆ 90,000ಕ್ಕೆ ಏರಿಸಲು ಸಾಧ್ಯವೇ ಎಂದು ಪರಿಶೀಲಿಸಬೇಕೆಂದು ಕೇಳಿಕೊಳ್ಳುತ್ತೇನೆ. ಆಟೊಮೇಷನ್‌ನಲ್ಲಿ ಇಷ್ಟು ಅನುಭವ ಇರುವವರಿಗೆ ಬೆಂಗಳೂರಿನಲ್ಲಿ ಸಿಗುತ್ತಿರುವ ನಿಗದಿತ ಸಂಬಳ ಇದಕ್ಕೆ ಹತ್ತಿರದಲ್ಲಿದೆ. ಒಟ್ಟು ಸಿಟಿಸಿ ಏರಿಸುವುದಾಗಲಿ, ವೇರಿಯಬಲ್‌ನ ಒಂದು ಭಾಗವನ್ನು ನಿಗದಿತ ಸಂಬಳಕ್ಕೆ ಸೇರಿಸುವುದಾಗಲಿ, ನಿಮಗೆ ಅನುಕೂಲವಾದ ದಾರಿಯ ಬಗ್ಗೆ ಮಾತಾಡಲು ಸಿದ್ಧಳಿದ್ದೇನೆ. ಹುದ್ದೆ, ಕೆಲಸದ ಸ್ಥಳ, ರಜೆ ಮತ್ತು ಉಳಿದ ಷರತ್ತುಗಳು ನನಗೆ ಒಪ್ಪಿಗೆ.

ಈ ಒಂದು ವಿಷಯ ಇತ್ಯರ್ಥವಾದರೆ ಪರಿಷ್ಕೃತ ಆಫರ್ ಬಂದ ದಿನವೇ ಸಹಿ ಮಾಡಿ ಕಳಿಸುತ್ತೇನೆ. ನನ್ನ ನೋಟಿಸ್ ಅವಧಿ 60 ದಿನ. ಆಫರ್‌ನ ಗಡುವು ಶುಕ್ರವಾರ ಇರುವುದರಿಂದ ಗುರುವಾರದೊಳಗೆ ಒಮ್ಮೆ ಫೋನಿನಲ್ಲಿ ಮಾತಾಡಲು ಸಾಧ್ಯವಾದರೆ ಅನುಕೂಲ.

ಇಷ್ಟೇ. ಇದರಲ್ಲಿ ಆಸಕ್ತಿಯ ಮಾತು ಎಲ್ಲಿದೆ, ಹೇಗಿದೆ ಗಮನಿಸಿ. ‘ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಕೆಲಸ ಮಾಡುವುದು ನನ್ನ ಕನಸು’ ಎಂಬ ಸಾಲನ್ನು ಯಾವ ಕಂಪನಿಗಾದರೂ ಕಳಿಸಬಹುದು, ಆದ್ದರಿಂದ ಯಾರೂ ಅದನ್ನು ಓದುವುದಿಲ್ಲ. ಪೇಮೆಂಟ್ ತಂಡದ ರಿಗ್ರೆಷನ್ ಟೆಸ್ಟಿಂಗ್ ಬಗ್ಗೆ ಬರೆದ ಸಾಲು ಆ ಕಂಪನಿಗೆ ಮಾತ್ರ ಹೊಂದುತ್ತದೆ. ಅದನ್ನು ಓದಿದ ಮ್ಯಾನೇಜರ್‌ಗೆ ಇವಳು ನನ್ನ ಮಾತನ್ನು ಕೇಳಿಸಿಕೊಂಡಿದ್ದಾಳೆ ಎಂದು ಗೊತ್ತಾಗುತ್ತದೆ. ಮುಂದಿನ ಸಾಲಿನಲ್ಲೇ ಆ ಕೆಲಸ ತನಗೆ ಬರುತ್ತದೆ ಎಂಬುದಕ್ಕೆ ಸಾಕ್ಷಿ ಇದೆ. ಆಸಕ್ತಿ ತೋರಿಸಿದ ಸಾಲುಗಳೇ ಸಂಬಳ ಏರಿಸಲು ಕಾರಣವೂ ಆದವು. ಒಳಗೆ ಅವಳ ಪರವಾಗಿ ವಾದಿಸಬೇಕಾದವರು ಆ ಮ್ಯಾನೇಜರ್, ಅವರಿಗೆ ಬೇಕಾದ ಮಾತನ್ನು ಅವಳೇ ಬರೆದುಕೊಟ್ಟಿದ್ದಾಳೆ.

ಪಿಜಿ ಬಾಡಿಗೆ ಅವಳ ಲೆಕ್ಕದಲ್ಲಿ ದೊಡ್ಡ ಕಾರಣ. ಆದರೂ ಮೇಲಿನಲ್ಲಿ ಅದಿಲ್ಲ. ಬಾಡಿಗೆ, ತಮ್ಮನ ಓದು, ಮನೆ ಸಾಲದ ಕಂತು ಎಲ್ಲವೂ ನಿಜವಾದ ಕಷ್ಟಗಳೇ. ಆದರೆ ಅದೇ ತಂಡದಲ್ಲಿ ಅದೇ ಕೆಲಸ ಮಾಡುವ ಇನ್ನೊಬ್ಬರಿಗೂ ಬಾಡಿಗೆ ಇರುತ್ತದೆ. ಒಬ್ಬರ ಮನೆ ಖರ್ಚು ನೋಡಿ ಸಂಬಳ ಏರಿಸಿದರೆ ಆ ವಿಭಾಗದವರಿಗೆ ಅದನ್ನು ಸಮರ್ಥಿಸಿಕೊಳ್ಳಲು ಬರುವುದಿಲ್ಲ. ಕೆಲಸ ಮತ್ತು ಮಾರುಕಟ್ಟೆ, ಈ ಎರಡೇ ಅವರು ಕಡತದಲ್ಲಿ ಬರೆಯಬಹುದಾದ ಕಾರಣಗಳು.

ಅಂಕಿಯನ್ನು ಒಂದೇ ಇಟ್ಟಿರುವುದಕ್ಕೂ ಕಾರಣವಿದೆ. ‘85ರಿಂದ 95ರವರೆಗೆ ನಿರೀಕ್ಷಿಸುತ್ತಿದ್ದೇನೆ’ ಎಂದು ಬರೆದರೆ 85ಕ್ಕೆ ಒಪ್ಪುತ್ತಾಳೆ ಎಂದೇ ಎದುರಿನವರು ಓದಿಕೊಳ್ಳುವ ಸಂಭವ ಹೆಚ್ಚು. ‘ಸ್ವಲ್ಪ ಜಾಸ್ತಿ ಮಾಡಿದರೆ ಉಪಕಾರವಾಗುತ್ತದೆ’ ಎಂದರೆ ಎಷ್ಟು ಎಂಬುದನ್ನು ಅವರೇ ಊಹಿಸಬೇಕು, ಊಹೆ 2,000ಕ್ಕೆ ನಿಲ್ಲಬಹುದು. ನಮ್ಮ ಕಡೆಯ ಮಕ್ಕಳಿಗೆ ದುಡ್ಡಿನ ಮಾತನ್ನು ನೇರವಾಗಿ ಆಡುವುದು ಸಂಕೋಚದ ವಿಷಯ. ಆ ಸಂಕೋಚ ಮೇಲಿನಲ್ಲಿ ‘ದಯವಿಟ್ಟು ತಪ್ಪು ತಿಳಿಯಬೇಡಿ’, ‘ಕ್ಷಮೆ ಇರಲಿ’ ಎಂಬ ಸಾಲುಗಳಾಗಿ ಇಣುಕುತ್ತದೆ. ಸಂಬಳದ ಬಗ್ಗೆ ಕೇಳುವುದು ತಪ್ಪಲ್ಲ. ಕ್ಷಮೆ ಕೇಳಿದರೆ ಕೇಳಿದ್ದೇ ತಪ್ಪು ಎಂದು ನಾವೇ ಹೇಳಿದ ಹಾಗಾಗುತ್ತದೆ. ವಿನಯಕ್ಕೆ ‘ಸಾಧ್ಯವೇ’, ‘ಪರಿಶೀಲಿಸಬೇಕೆಂದು ಕೇಳಿಕೊಳ್ಳುತ್ತೇನೆ’ ಎಂಬ ಮಾತುಗಳೇ ಸಾಕು.

ಹೆಣ್ಣುಮಕ್ಕಳಿಗೆ ಇದು ಇನ್ನಷ್ಟು ನಾಜೂಕಾದ ವಿಷಯ. ಅಮೆರಿಕದ ಲಿಂಡಾ ಬ್ಯಾಬ್‌ಕಾಕ್ ಮತ್ತು ಹ್ಯಾನಾ ರೈಲಿ ಬೌಲ್ಸ್ ಎಂಬ ಸಂಶೋಧಕಿಯರು ತಮ್ಮ ಅಧ್ಯಯನಗಳಲ್ಲಿ ಕಂಡದ್ದೇನೆಂದರೆ, ಸಂಬಳ ಹೆಚ್ಚು ಕೇಳಿದ ಹೆಂಗಸಿನ ಬಗ್ಗೆ, ಅದನ್ನೇ ಕೇಳಿದ ಗಂಡಸಿಗಿಂತ ಹೆಚ್ಚಾಗಿ, ಇವಳೊಂದಿಗೆ ಕೆಲಸ ಮಾಡುವುದು ಕಷ್ಟ ಎಂಬ ಭಾವನೆ ಮೂಡುತ್ತದೆ. ಕೋರಿಕೆಯನ್ನು ಸಂಸ್ಥೆಯ ಜೊತೆಗಿನ ಸಂಬಂಧಕ್ಕೆ ಜೋಡಿಸಿ, ಅದಕ್ಕೆ ಒಪ್ಪುವಂಥ ಕಾರಣವನ್ನೂ ಕೊಟ್ಟಾಗ ಆ ಭಾವನೆ ತಗ್ಗುತ್ತದೆ ಎಂಬುದೂ ಅವರಿಗೆ ಕಂಡಿತು. ಇದು ನ್ಯಾಯವಲ್ಲ. ಗಂಡಸು ಎರಡೇ ಸಾಲಿನಲ್ಲಿ ಕೇಳಿ ಮುಗಿಸುವುದಕ್ಕೆ ಹೆಂಗಸು ಎರಡು ಪ್ಯಾರಾ ಬರೆಯಬೇಕಾಗಿ ಬಂದಿರುವುದು ಕಚೇರಿಗಳು ತಿದ್ದಿಕೊಳ್ಳಬೇಕಾದ ತಪ್ಪು. ಅದು ತಿದ್ದಿಹೋಗುವವರೆಗೆ ಮೊದಲ ಪ್ಯಾರಾ ಬರೆಯಲು ಹಿಂಜರಿಯಬೇಡಿ ಎಂದಷ್ಟೇ ಹೇಳಬಲ್ಲೆ.

‘ಈ ವಿಷಯ ಇತ್ಯರ್ಥವಾದರೆ ಅದೇ ದಿನ ಸಹಿ ಮಾಡುತ್ತೇನೆ’ ಎಂಬ ಸಾಲು ಇಡೀ ಮೇಲಿನಲ್ಲಿ ಹೆಚ್ಚು ತೂಕದ್ದು. ಎಚ್‌ಆರ್‌ಗಳಿಗೆ ದೊಡ್ಡ ತಲೆನೋವು, ಏರಿಸಿ ಕೊಟ್ಟ ಆಫರ್ ಲೆಟರನ್ನೇ ಹಿಡಿದುಕೊಂಡು ಇನ್ನೊಂದು ಕಂಪನಿಗೆ ಹೋಗಿ ಅಲ್ಲಿ ಹೆಚ್ಚು ಕೇಳುವವರು. 60 ಅಥವಾ 90 ದಿನದ ನೋಟಿಸ್ ಅವಧಿ ಇರುವಲ್ಲಿ ಕಾದು ಕಾದು ಕೊನೆಗೆ ಅಭ್ಯರ್ಥಿ ಬರುವುದೇ ಇಲ್ಲ. ಏರಿಸಿದರೆ ಖಂಡಿತ ಬರುತ್ತಾಳೆ ಎಂಬ ಭರವಸೆ ಲಿಖಿತವಾಗಿ ಸಿಕ್ಕರೆ ಮೇಲಿನವರ ಮುಂದೆ ಇಡಲು ಅವರಿಗೆ ಒಂದು ಆಧಾರ ಸಿಗುತ್ತದೆ. ಆದರೆ ಆ ಸಾಲು ಬರೆದ ಮೇಲೆ ಅದಕ್ಕೆ ಬದ್ಧರಾಗಿರಬೇಕು. ಮನಸ್ಸಿಲ್ಲದಿದ್ದರೆ ಬರೆಯಲೇಬಾರದು.

ಹಾಗೆಯೇ, ಇಲ್ಲದ ಇನ್ನೊಂದು ಆಫರ್ ಇದೆ ಎಂದು ಬರೆಯುವ ಚಾಳಿ ಇದೆ. ಆ ಲೆಟರ್ ಕಳಿಸಿ ಎಂದು ಎಚ್‌ಆರ್ ಕೇಳಿದರೆ ಉತ್ತರವಿಲ್ಲ. ಈಗಿನ ಸಂಬಳವನ್ನು ಏರಿಸಿ ಹೇಳುವುದು ಇನ್ನೂ ಅಪಾಯ. ಕೊನೆಯ ಮೂರು ತಿಂಗಳ ಪೇಸ್ಲಿಪ್, ಫಾರಂ 16, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುವುದು ಮಾಮೂಲು. ಸೇರಿದ ಮೇಲೆ ನಡೆಯುವ ಪರಿಶೀಲನೆಯಲ್ಲಿ ಸುಳ್ಳು ಸಿಕ್ಕಿದರೂ ಕೆಲಸ ಹೋಗುತ್ತದೆ.

ಯಾವಾಗ ಕಳಿಸಬೇಕು ಎಂದರೆ, ಲಿಖಿತ ಆಫರ್ ಕೈಗೆ ಬಂದ ಮೇಲೆ, ಸಹಿ ಮಾಡುವ ಮೊದಲು, ಒಂದೆರಡು ದಿನದಲ್ಲಿ. ‘ಒಪ್ಪಿದ್ದೇನೆ’ ಎಂದು ಉತ್ತರಿಸಿ ವಾರದ ನಂತರ ಕೇಳಿದರೆ ಮಾತು ತಪ್ಪಿದಂತೆ ಕಾಣುತ್ತದೆ. ಕನ್ಸಲ್ಟೆನ್ಸಿ ಮೂಲಕ ಬಂದ ಆಫರ್ ಆದರೆ ಮೇಲ್ ಮೊದಲು ಅವರಿಗೇ ಹೋಗಬೇಕು. ಮ್ಯಾನೇಜರ್‌ಗೆ ಪ್ರತಿ ಹಾಕಬೇಡಿ, ಎಚ್‌ಆರ್‌ರನ್ನು ದಾಟಿ ಹೋದ ಹಾಗಾಗುತ್ತದೆ. ಕ್ಯಾಂಪಸ್‌ನಿಂದ ನೂರಾರು ಜನರಿಗೆ ಒಂದೇ ಸಂಬಳದಲ್ಲಿ ಬಂದ ಆಫರ್‌ಗೆ, ವೇತನ ಶ್ರೇಣಿ ಇರುವ ಸರ್ಕಾರಿ ಕೆಲಸಕ್ಕೆ ಈ ಮೇಲಿನಿಂದ ಪ್ರಯೋಜನವಿಲ್ಲ.

ನಮ್ಮ ಎಂಜಿನಿಯರ್‌ಗೆ ಬುಧವಾರ ಸಂಜೆ ಫೋನ್ ಬಂತು ಎಂದುಕೊಳ್ಳೋಣ. ‘ಸಿಟಿಸಿ ಏರಿಸಲು ಆಗುವುದಿಲ್ಲ, ಬ್ಯಾಂಡ್ ಮುಗಿದಿದೆ. ಆದರೆ ವೇರಿಯಬಲ್‌ನಿಂದ 60,000 ತೆಗೆದು ಫಿಕ್ಸೆಡ್‌ಗೆ ಹಾಕಬಹುದು. ಜೊತೆಗೆ ಜಾಯಿನಿಂಗ್ ಬೋನಸ್ 60,000 ಕೊಡುತ್ತೇವೆ’ ಎಂದರು. ಅಂದರೆ ಸಿಟಿಸಿ ಅದೇ 12 ಲಕ್ಷ, ನಿಗದಿತ ಸಂಬಳ 10,20,000, ತಿಂಗಳಿಗೆ 85,000, ವೇರಿಯಬಲ್ 70,000. ಬೇಸಿಕ್ ಬದಲಾಗದೆ ಹೆಚ್ಚಳ ಸ್ಪೆಷಲ್ ಅಲೋಯನ್ಸ್‌ಗೆ ಸೇರಿ, ಪಿಎಫ್ ಬೇಸಿಕ್ ಮೇಲಷ್ಟೇ ಕಡಿತವಾದರೆ ಕೈಗೆ 78,800.

ಇದನ್ನು ಹೇಗೆ ತೂಗಬೇಕು? ವೇರಿಯಬಲ್ ಪೂರ್ತಿ ಸಿಗುವ ವರ್ಷದಲ್ಲಿ ಹಳೆಯ ಆಫರ್‌ಗೂ ಇದಕ್ಕೂ ಒಟ್ಟು ಮೊತ್ತದಲ್ಲಿ ವ್ಯತ್ಯಾಸವೇ ಇಲ್ಲ. ಅವಳು ಗಳಿಸಿದ್ದು, ಅನುಮಾನದಲ್ಲಿದ್ದ 60,000 ಖಾತ್ರಿಯಾದದ್ದು ಮತ್ತು ಮುಂದಿನ ಹೈಕ್‌ಗೆ ದೊಡ್ಡ ಬುನಾದಿ. ಮೊದಲ ವರ್ಷ ವೇರಿಯಬಲ್ ಪೂರ್ತಿ ಸಿಗುವುದು ಅಪರೂಪವಾದ್ದರಿಂದ ಆ ವರ್ಷ ನಿಜವಾದ ಹೆಚ್ಚಳವೂ ಇದೆ. ಜಾಯಿನಿಂಗ್ ಬೋನಸ್ ಒಂದು ಸಲದ್ದು, ಅದನ್ನು ಸಂಬಳ ಎಂದು ಲೆಕ್ಕ ಹಾಕಬಾರದು. ಸಾಮಾನ್ಯವಾಗಿ ಒಂದು ವರ್ಷದೊಳಗೆ ಬಿಟ್ಟರೆ ವಾಪಸು ಕಟ್ಟಬೇಕು ಎಂಬ ಷರತ್ತು ಇರುತ್ತದೆ. ಪಿಜಿ ಅಡ್ವಾನ್ಸ್, ಸಾಮಾನು ಸಾಗಣೆಗೆ ಅದು ಸರಿಹೋಗುತ್ತದೆ. 85,000 ಅವಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ 84,000ಕ್ಕಿಂತ ಮೇಲಿದೆ. ಇನ್ನೊಂದು ಸುತ್ತು ಕೇಳಿದರೆ ಎರಡು ಸಾವಿರ ಸಿಕ್ಕೀತು, ಆದರೆ ಅದೇ ದಿನ ಸಹಿ ಮಾಡುತ್ತೇನೆ ಎಂದು ಬರೆದವಳು ಅವಳೇ. ನನ್ನ ಪ್ರಕಾರ ಇಲ್ಲಿಗೆ ನಿಲ್ಲಿಸುವುದು ಸರಿ.

ಫೋನಿನಲ್ಲಿ ಆದ ಮಾತನ್ನು ಅವಳು ಆ ಸಂಜೆಯೇ ಮೂರು ಸಾಲಿನ ಮೇಲ್ ಮಾಡುತ್ತಾಳೆ: ನಿಗದಿತ ಸಂಬಳ 10,20,000, ವೇರಿಯಬಲ್ 70,000, ಜಾಯಿನಿಂಗ್ ಬೋನಸ್ 60,000 ಎಂದು ನಾವು ಮಾತಾಡಿದಂತೆ ಪರಿಷ್ಕೃತ ಆಫರ್ ಕಳಿಸಿದರೆ ಸಹಿ ಮಾಡುತ್ತೇನೆ. ಗುರುವಾರ ಹೊಸ ಲೆಟರ್ ಬಂದಾಗ ಮೊದಲ ಪುಟ ಬಿಟ್ಟು ನೇರವಾಗಿ ಅನುಬಂಧಕ್ಕೆ ಹೋಗುತ್ತಾಳೆ. ಮೂರೂ ಅಂಕಿ ಸರಿಯಾಗಿವೆಯೇ, ಬೇಸಿಕ್ ಬದಲಾಗಿದೆಯೇ, ಬೋನಸ್ ಯಾವ ತಿಂಗಳ ಸಂಬಳದ ಜೊತೆ ಬರುತ್ತದೆ, ಎಷ್ಟು ತಿಂಗಳೊಳಗೆ ಬಿಟ್ಟರೆ ವಾಪಸು ಕೊಡಬೇಕು ಎಂಬುದನ್ನೆಲ್ಲ ಓದಿ ಸಹಿ ಮಾಡಿ ಕಳಿಸುತ್ತಾಳೆ. ಹುಬ್ಬಳ್ಳಿಯ ಕಂಪನಿಗೆ ರಾಜೀನಾಮೆ ಹೋಗುವುದು ಅದಾದ ಮೇಲೆ. ಫೋನಿನ ಮಾತು ನಂಬಿ ಬುಧವಾರವೇ ರಾಜೀನಾಮೆ ಕೊಟ್ಟಿದ್ದರೆ, ಹೊಸ ಲೆಟರಿನಲ್ಲಿ ಅಂಕಿ ತಪ್ಪಾಗಿದ್ದರೂ ಗಟ್ಟಿಯಾಗಿ ಕೇಳುವ ಸ್ಥಿತಿಯಲ್ಲಿ ಅವಳು ಇರುತ್ತಿರಲಿಲ್ಲ.